ಪಾರ್ಕಿಂಗ್ ಬಗ್ಗೆ ನಿವಾಸಿಗಳ ಗ್ರೂಪ್‌ನಲ್ಲಿ ದೂರು ಬಂದಾಗ ಹೇಗೆ ಉತ್ತರಿಸುವುದು? ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಹೆಚ್ಚಿನ ಉತ್ತರಗಳನ್ನು ಒಂದೇ ಸಂದರ್ಭ ಇಟ್ಟುಕೊಂಡು ಬರೆದಿದೆ. ಬೆಳಗ್ಗೆ 8:10ಕ್ಕೆ ನಿವಾಸಿಗಳ ವಾಟ್ಸಾಪ್ ಗ್ರೂಪ್‌ನಲ್ಲಿ 304ನೇ ಮನೆಯವರು ಒಂದು ಫೋಟೊ ಹಾಕಿ ಹೀಗೆ ಬರೆದಿದ್ದಾರೆ: “12ನೇ ಸ್ಲಾಟ್ ಕಾರು ಮತ್ತೆ ಗೆರೆ ದಾಟಿ ನಿಂತಿದೆ. ನನ್ನ ಬಾಗಿಲು ತೆಗೆಯೋಕೆ ಆಗ್ತಿಲ್ಲ. ಎಷ್ಟು ಸಲ ಹೇಳ್ಬೇಕು?” 12ನೇ ಸ್ಲಾಟ್ ನಿಮ್ಮದು. ಪಕ್ಕದ 11 ಅವರದು. ಇನ್ನು ನಿಮ್ಮ ಉತ್ತರವನ್ನು ಗ್ರೂಪ್‌ನಲ್ಲಿರುವ ಎಲ್ಲರೂ ಓದುತ್ತಾರೆ.

ದೂರು ನೋಡಿದ ಕೂಡಲೇ ಮೊದಲು ಏನು ಮಾಡಬೇಕು?

ದೂರಿನಲ್ಲಿ ಈ ಹೊತ್ತಿಗೆ ಯಾರಾದರೂ ಸಿಕ್ಕಿಹಾಕಿಕೊಂಡಿದ್ದಾರೆಯೇ ಎಂಬುದನ್ನು ಮಾತ್ರ ಮೊದಲು ಹುಡುಕಿ. “ಬಾಗಿಲು ತೆಗೆಯೋಕೆ ಆಗ್ತಿಲ್ಲ” ಎಂದರೆ ಅವರು ಕೆಳಗೆ ಕಾರಿನ ಪಕ್ಕದಲ್ಲೇ ನಿಂತಿರಬಹುದು, ಕೆಲಸಕ್ಕೆ ಹೊತ್ತಾಗುತ್ತಿರಬಹುದು. ಆಗ ವಿವರಣೆ ಬರೆಯುತ್ತ ಕೂರಬಾರದು. “ನೋಡಿದೆ ಸರ್, ಐದು ನಿಮಿಷದಲ್ಲಿ ಕೆಳಗೆ ಬಂದು ತೆಗೀತೀನಿ” ಎಂಬ ಒಂದು ಸಾಲು ಹಾಕಿ, ಕೀ ತೆಗೆದುಕೊಂಡು ಇಳಿಯಿರಿ. ಉಳಿದದ್ದೆಲ್ಲ ಆಮೇಲೆ.

ನೀವು ಮನೆಯಲ್ಲಿಲ್ಲದಿದ್ದರೆ ಅದನ್ನೇ ಹೇಳಿ, ಜೊತೆಗೆ ಯಾರು ತೆಗೆಯುತ್ತಾರೆ ಎಂಬುದನ್ನೂ ಹೇಳಿ: “ನಾನು ಹೊರಗಿದ್ದೀನಿ. ಮನೆಯವರ ಹತ್ರ ಕೀ ಇದೆ, ಈಗ ಕಳಿಸ್ತಿದ್ದೀನಿ.” ಯಾರೂ ಇಲ್ಲ ಎಂದಾದರೆ ಎಷ್ಟು ಗಂಟೆಗೆ ಬರುತ್ತೀರಿ ಎಂದು ತಿಳಿಸಿ, ಕೂಡಲೇ ಅವರಿಗೆ ಫೋನ್ ಮಾಡಿ. ಅವರು ಇನ್ನೊಂದು ಬದಿಯ ಬಾಗಿಲಿಂದ ಹತ್ತಿ ಹೋಗಬಹುದು, ಬೇರೆ ವ್ಯವಸ್ಥೆ ಮಾಡಿಕೊಳ್ಳಬಹುದು. ಆದರೆ ನೀವು ಬರುವುದು ಯಾವಾಗ ಎಂದು ತಿಳಿಯದೆ ಕಾಯುವುದಷ್ಟೇ ಅವರ ಪಾಲಿಗೆ ಉಳಿದರೆ ಬೇಸರ ಇಮ್ಮಡಿಯಾಗುತ್ತದೆ.

ಯಾರೂ ಸಿಕ್ಕಿಹಾಕಿಕೊಂಡಿಲ್ಲ, ಇದು ಹಿಂದಿನ ರಾತ್ರಿಯ ದೂರು ಎಂದಾದರೂ ಒಂದು ಸಾಲಿನ ಸ್ವೀಕೃತಿ ಬೇಗ ಹೋಗಲಿ: “ನೋಡಿದೆ, ಕೆಳಗೆ ಹೋಗಿ ನೋಡಿ ಹೇಳ್ತೀನಿ.” ಗಂಟೆಗಟ್ಟಲೆ ಮೌನವಾಗಿದ್ದರೆ ಆ ಜಾಗವನ್ನು ಉಳಿದವರ ಮಾತು ತುಂಬುತ್ತದೆ. ಆಮೇಲೆ ನೀವು ಒಬ್ಬರಿಗಲ್ಲ, ನಾಲ್ಕು ಜನಕ್ಕೆ ಉತ್ತರಿಸಬೇಕಾಗುತ್ತದೆ.

ಉತ್ತರವನ್ನು ಗ್ರೂಪ್‌ನಲ್ಲೇ ಬರೆಯಬೇಕೇ, ಅವರಿಗೆ ಮಾತ್ರ ಕಳಿಸಿದರೆ ಸಾಲದೇ?

ದೂರು ಎಲ್ಲರ ಮುಂದೆ ಬಂದಿದೆ, ಆದ್ದರಿಂದ ಚಿಕ್ಕ ಉತ್ತರವೂ ಎಲ್ಲರ ಮುಂದೆಯೇ ಬರಬೇಕು. ಖಾಸಗಿಯಾಗಿ ಎಷ್ಟೇ ಚೆನ್ನಾಗಿ ಮಾತಾಡಿ ಬಗೆಹರಿಸಿಕೊಂಡರೂ ಗ್ರೂಪ್ ಓದಿದವರ ಕಣ್ಣಿಗೆ 12ನೇ ಸ್ಲಾಟಿನವರು ಉತ್ತರವನ್ನೇ ಕೊಡಲಿಲ್ಲ ಎಂದೇ ಕಾಣುತ್ತದೆ. ಮುಂದಿನ ದೂರು ಬಂದಾಗ ಆ ಅಭಿಪ್ರಾಯವೂ ಜೊತೆಗೆ ಬರುತ್ತದೆ.

ಹಾಗೆಂದು ಎಲ್ಲವನ್ನೂ ಗ್ರೂಪ್‌ನಲ್ಲಿ ಬಿಡಿಸಬೇಕಿಲ್ಲ. ದೂರು ಕಂಡಿದ್ದೇನೆ, ಇದನ್ನು ಮಾಡಿದ್ದೇನೆ, ಮುಂದೆ ಇದನ್ನು ಮಾಡುತ್ತೇನೆ ಎಂಬಷ್ಟು ಅಲ್ಲಿರಲಿ. ಏಕೆ ಹಾಗಾಯಿತು, ಯಾರು ಯಾವಾಗ ಏನು ಹೇಳಿದ್ದರು, ಅವರ ಕಾರು ಹೇಗೆ ನಿಂತಿರುತ್ತದೆ ಎಂಬುದೆಲ್ಲ ಇಬ್ಬರ ನಡುವೆ ಇರಲಿ. ಆ ಭಾಗಕ್ಕೆ ಬರಹಕ್ಕಿಂತ ಪಾರ್ಕಿಂಗ್‌ನಲ್ಲಿ ನಿಂತು ಎರಡು ನಿಮಿಷ ಮಾತಾಡುವುದು ಒಳ್ಳೆಯದು, ಏಕೆಂದರೆ ಮಾತಿನ ವಿಷಯ ಇಬ್ಬರ ಕಣ್ಣೆದುರೇ ಇರುತ್ತದೆ.

ಗ್ರೂಪ್‌ನಲ್ಲಿ ಬರೆಯುವಾಗ ಅವರ ಮೆಸೇಜನ್ನೇ ಒತ್ತಿ ಹಿಡಿದು ಅದಕ್ಕೆ ರಿಪ್ಲೈ ಆಗಿ ಬರೆಯಿರಿ. ನಡುವೆ ನೀರಿನ ಟ್ಯಾಂಕರ್, ಲಿಫ್ಟ್ ಎಂದು ಹತ್ತು ಮೆಸೇಜು ಬಂದಿದ್ದರೂ ನಿಮ್ಮ ಮಾತು ಯಾವುದಕ್ಕೆ ಎಂಬುದು ಸ್ಪಷ್ಟವಾಗಿರುತ್ತದೆ.

ಅವರು ಹೇಳಿದ್ದು ಸರಿಯೇ ಎಂದು ತಿಳಿಯುವುದು ಹೇಗೆ? ನಾನು ಗೆರೆ ದಾಟಿಲ್ಲ ಎಂದೇ ನನಗನ್ನಿಸುತ್ತದೆ.

ಇಂಥ ಜಗಳಗಳ ಬೇರು ಬಹುಪಾಲು ಇಲ್ಲೇ ಇದೆ, ಹಾಗಾಗಿ ಇದಕ್ಕೆ ಉದ್ದದ ಉತ್ತರ ಬೇಕು. 304ರವರ ಮೆಸೇಜಿನಲ್ಲಿ ಎರಡು ಬೇರೆ ಮಾತುಗಳಿವೆ: ಕಾರು ಗೆರೆ ದಾಟಿದೆ ಎಂಬುದು ಒಂದು, ಬಾಗಿಲು ತೆಗೆಯಲು ಆಗುತ್ತಿಲ್ಲ ಎಂಬುದು ಇನ್ನೊಂದು. ಮೊದಲನೆಯದು ತಪ್ಪಾಗಿದ್ದು ಎರಡನೆಯದು ನಿಜವಾಗಿರುವುದು ತೀರಾ ಸಾಮಾನ್ಯ. ನೀವು ಮೊದಲನೆಯದಕ್ಕೆ ಉತ್ತರ ಕೊಟ್ಟು ಗೆಲ್ಲುತ್ತೀರಿ. ಅವರು ಎರಡನೆಯದನ್ನು ಅನುಭವಿಸುತ್ತ ಉಳಿಯುತ್ತಾರೆ.

ಲೆಕ್ಕ ಹಾಕಿ ನೋಡೋಣ. ಸ್ಲಾಟ್ 2.5 ಮೀಟರ್ ಅಗಲ, ಅಂದರೆ 250 ಸೆಂ.ಮೀ. ಎಂದಿಟ್ಟುಕೊಳ್ಳಿ. ಇಬ್ಬರ ಕಾರುಗಳೂ ಕನ್ನಡಿ ಬಿಟ್ಟು 175 ಸೆಂ.ಮೀ. ಅಗಲ. ಇಬ್ಬರೂ ತಂತಮ್ಮ ಸ್ಲಾಟಿನ ನಟ್ಟನಡುವೆ ನಿಲ್ಲಿಸಿದರೆ ಪ್ರತಿ ಬದಿಗೆ 37.5 ಸೆಂ.ಮೀ. ಉಳಿಯುತ್ತದೆ, ಎರಡು ಕಾರುಗಳ ನಡುವೆ 75 ಸೆಂ.ಮೀ. ಸಿಗುತ್ತದೆ. ಬಾಗಿಲು ತೆಗೆದು ಇಳಿಯಲು ಸಾಧಾರಣ ಮೈಕಟ್ಟಿನವರಿಗೆ 55ರಿಂದ 60 ಸೆಂ.ಮೀ. ಬೇಕು. ಆದ್ದರಿಂದ ಯಾರಿಗೂ ತೊಂದರೆ ಇಲ್ಲ.

ಈಗ ನಿಮ್ಮ 12ನೇ ಸ್ಲಾಟಿನ ಬಲಗಡೆ ಒಂದು ಕಂಬ ಇದೆ. ಸ್ಟೀರಿಂಗ್ ಬಲಕ್ಕಿರುವ ಕಾರನ್ನು ಮೂತಿ ಒಳಗೆ ಮಾಡಿ ನಿಲ್ಲಿಸಿದರೆ ಚಾಲಕನ ಬಾಗಿಲು ಕಂಬದ ಕಡೆಗೇ ಬರುತ್ತದೆ. ನೀವು ಇಳಿಯಬೇಕಲ್ಲ, ಹಾಗಾಗಿ ಕಂಬದ ಕಡೆ 60 ಸೆಂ.ಮೀ. ಬಿಡುತ್ತೀರಿ. 250ರಲ್ಲಿ 175 ಮತ್ತು 60 ಕಳೆದರೆ ಎಡಕ್ಕೆ ಉಳಿಯುವುದು 15 ಸೆಂ.ಮೀ. ಗೆರೆ ದಾಟಿಲ್ಲ. ಆದರೆ 11ರವರ 37.5 ಸೇರಿಸಿದರೂ ನಡುವಿನ ಸಂದು ಐವತ್ತೆರಡೂವರೆ ಸೆಂ.ಮೀ.ಗೆ ಇಳಿದಿದೆ. 11ರವರೂ ಮೂತಿ ಒಳಗೆ ನಿಲ್ಲಿಸುವವರಾದರೆ ಅವರ ಚಾಲಕನ ಬಾಗಿಲು ಇದೇ ಸಂದಿಗೆ ತೆರೆದುಕೊಳ್ಳುತ್ತದೆ. ಬ್ಯಾಗು ಹಿಡಿದ ಮನುಷ್ಯ ಅಲ್ಲಿ ನುಸುಳಲಾರ. ಮೊಣಕಾಲು ನೋವಿರುವ ಹಿರಿಯರಿಗೂ, ಮಗುವನ್ನು ಸೀಟಿಗೆ ಕೂರಿಸಬೇಕಾದವರಿಗೂ ಇನ್ನೂ ಹೆಚ್ಚು ಜಾಗ ಬೇಕು.

ಅಂದರೆ ನೀವೂ ಸರಿ, ಅವರೂ ಸರಿ, ಕಂಬ ಅಲ್ಲಿರುವುದರಿಂದ ಸಂದು ಸಾಲುತ್ತಿಲ್ಲ. ಇದನ್ನು ಅರಿಯದೆ “ನಾನು ಗೆರೆಯೊಳಗೇ ಇದ್ದೀನಿ” ಎಂದು ಬರೆದರೆ ಮಾತು ನಿಜವೇ ಇದ್ದರೂ ಅವರ ಪಾಲಿಗೆ ಅದು “ನಿಮ್ಮ ಕಷ್ಟ ನನಗೆ ಸಂಬಂಧವಿಲ್ಲ” ಎಂದಂತೆ.

ಅಳೆಯುವುದು ಹೇಗೆ?

ಮೂರು ಅಥವಾ ಐದು ಮೀಟರಿನ ಟೇಪು ಸಾಕು. ಕಾರು ದೂರು ಬಂದಾಗ ಇದ್ದ ಜಾಗದಲ್ಲೇ ಇದ್ದರೆ, ತೆಗೆಯುವ ಮೊದಲೇ ಅಳೆಯಿರಿ (ಯಾರೂ ಕಾಯುತ್ತಿಲ್ಲದಿದ್ದರೆ ಮಾತ್ರ). ನೆರೆಯವರ ಕಡೆಯ ಮುಂದಿನ ಟೈರಿನ ಹೊರ ಅಂಚಿನಿಂದ ಗೆರೆಯ ನಡುವಿಗೆ ಎಷ್ಟು, ಹಿಂದಿನ ಟೈರಿನಿಂದ ಎಷ್ಟು ಎಂದು ನೆಲದ ಮೇಲೆ ಟೇಪ್ ಇಟ್ಟು ನೋಡಿ. ಎರಡೂ ಒಂದೇ ಇದ್ದರೆ ಕಾರು ನೇರವಾಗಿದೆ. ಹತ್ತು ಸೆಂ.ಮೀ. ವ್ಯತ್ಯಾಸ ಬಂದರೆ ಓರೆಯಾಗಿದೆ ಎಂದರ್ಥ. ಒಳ ಹೋಗುವಾಗ ಸ್ಟೀರಿಂಗ್ ಬೇಗ ನೇರ ಮಾಡಿದ್ದೇ ಸಾಮಾನ್ಯವಾಗಿ ಇದಕ್ಕೆ ಕಾರಣ. ಒಮ್ಮೆ ಹೊರಬಂದು ಮತ್ತೆ ಒಳಹೋದರೆ ಸರಿಯಾಗುತ್ತದೆ.

ಆಮೇಲೆ ಎರಡು ಕಾರುಗಳ ಬಾಗಿಲುಗಳ ನಡುವಿನ ಸಂದನ್ನು ಅಳೆಯಿರಿ. ನೆರೆಯವರಿಗೆ ಬೇಕಾಗಿರುವುದು ಈ ಅಳತೆ. ಗೆರೆಯ ಅಳತೆಯಿಂದ ಅವರ ಬಾಗಿಲು ತೆರೆಯುವುದಿಲ್ಲ. ನಿಮ್ಮದು ಓರೆಯೂ ಇಲ್ಲ, ಗೆರೆಗೆ 37 ಬಿಟ್ಟಿದ್ದೀರಿ, ಆದರೂ ಸಂದು 50 ಇದ್ದರೆ ಅವರ ಕಾರು ಇತ್ತ ವಾಲಿದೆ ಎಂದು ತಿಳಿಯುತ್ತದೆ. ಅದನ್ನು ಗ್ರೂಪ್‌ನಲ್ಲಿ ಹೇಳಬೇಡಿ, ಅವರ ಜೊತೆ ನಿಂತಾಗ ಟೇಪನ್ನು ಅವರ ಕೈಗೇ ಕೊಡಿ.

ದೂರು ಅಗಲದ್ದಲ್ಲದೆ ಉದ್ದದ್ದಾಗಿದ್ದರೆ, ಅಂದರೆ ಕಾರಿನ ಮೂತಿ ಓಡಾಡುವ ದಾರಿಗೆ ಚಾಚಿದೆ ಎಂದಾದರೆ, ಗೋಡೆಗೂ ಬಂಪರಿಗೂ ಎಷ್ಟು ಉಳಿದಿದೆ ನೋಡಿ. ಅರ್ಧ ಮೀಟರ್ ಖಾಲಿ ಇದ್ದರೆ ಅದು ನಿಮ್ಮ ಕೈಯಲ್ಲಿರುವ ಪರಿಹಾರ. ಟೈರು ತಡೆಯುವ ದಿಮ್ಮಿ ಗೋಡೆಯಿಂದ ತುಂಬ ಈಚೆಗಿದ್ದು ಕಾರು ಹಿಂದೆ ಹೋಗುತ್ತಿಲ್ಲ ಎಂದಾದರೆ ಅದು ಸಂಘ ಸರಿಪಡಿಸಬೇಕಾದದ್ದು.

ಅವರು ಹಾಕಿದ ಫೋಟೊದಲ್ಲಿ ನನ್ನ ಕಾರು ಗೆರೆಯ ಮೇಲೇ ಇರುವಂತೆ ಕಾಣುತ್ತದೆ. ನಿಜದಲ್ಲಿ ಹಾಗಿಲ್ಲ.

ಸುಳ್ಳು ಫೋಟೊ ಎಂದು ಹೇಳುವ ಮೊದಲು ಅದು ಹೇಗೆ ಹಾಗೆ ಕಂಡಿತು ಎಂದು ತಿಳಿಯಿರಿ. ಕಾರಿನ ಮೈ ನೆಲದಿಂದ ಮೇಲಿದೆ, ಗೆರೆ ನೆಲದಲ್ಲಿದೆ. ನಿಮ್ಮ ಕಾರಿನ ಆಚೆ ಬದಿಯಲ್ಲಿ ಓರೆಯಾಗಿ ನಿಂತು ತೆಗೆದರೆ ಕಾರಿನ ಮೈ ಗೆರೆಯನ್ನು ಮರೆಮಾಡುತ್ತದೆ, ಆಗ ದಾಟಿದಂತೆ ತೋರುತ್ತದೆ. ಫೋನಿನ ಅಗಲ ಕೋನದ ಲೆನ್ಸು ಬಳಸಿದ್ದರೆ ಅಂಚಿನಲ್ಲಿರುವುದೆಲ್ಲ ಹಿಗ್ಗುತ್ತದೆ. ತೆಗೆದವರಿಗೆ ಇದು ಗೊತ್ತಿರಲೇಬೇಕೆಂದಿಲ್ಲ, ಅವರು ಕಂಡದ್ದನ್ನು ತೆಗೆದಿದ್ದಾರೆ ಅಷ್ಟೇ.

ನೀವು ತೆಗೆಯುವುದಾದರೆ ಗೆರೆಯ ತುದಿಯಲ್ಲಿ, ಗೆರೆಗೆ ನೇರವಾಗಿ ನಿಂತು, ಫೋನನ್ನು ಮೊಣಕಾಲಿನ ಎತ್ತರಕ್ಕೆ ಹಿಡಿದು, ಸಾಮಾನ್ಯ ಲೆನ್ಸಿನಲ್ಲೇ ತೆಗೆಯಿರಿ. ಎರಡೂ ಟೈರುಗಳು ಮತ್ತು ಗೆರೆ ಪೂರ್ತಿ ಕಾಣಬೇಕು. ಮಕ್ಕಳು, ಓಡಾಡುವವರು, ಬೇರೆಯವರ ನಂಬರ್ ಪ್ಲೇಟು ಬಾರದಂತೆ ಕತ್ತರಿಸಿ.

ಆದರೆ ಈ ಫೋಟೊವನ್ನು ಅವರ ಫೋಟೊಗೆ ಎದುರಾಗಿ ಗ್ರೂಪ್‌ನಲ್ಲಿ ಹಾಕುವುದು ಬೇಡ. ಹಾಗೆ ಮಾಡಿದರೆ ಉಳಿದವರು ತೀರ್ಪು ಕೊಡಲು ಕೂರುತ್ತಾರೆ. ಕಾರು ಸರಿಪಡಿಸಿದ ಮೇಲೆ ತೆಗೆದ ಒಂದೇ ಫೋಟೊ ಹಾಕಿ, “ಈಗ ಹೀಗೆ ನಿಲ್ಲಿಸಿದ್ದೀನಿ” ಎನ್ನಿ. ಮೊದಲಿನದನ್ನು ಬೇಕಿದ್ದರೆ ಅವರಿಗೆ ಮಾತ್ರ ತೋರಿಸಿ.

ಸರಿ, ಗ್ರೂಪ್‌ನಲ್ಲಿ ಹಾಕುವ ಉತ್ತರ ಹೇಗಿರಬೇಕು?

ನಮ್ಮ ಸಂದರ್ಭಕ್ಕೆ ಹೀಗಿರಬಹುದು:

“ಸರ್, ಬೆಳಗ್ಗೆ ನಿಮಗೆ ಬಾಗಿಲು ತೆಗೆಯೋಕೆ ಜಾಗ ಬಿಟ್ಟಿರಲಿಲ್ಲ, ಕ್ಷಮಿಸಿ. 8:20ಕ್ಕೆ ಕಾರು ಸರಿಸಿದ್ದೀನಿ. ಬಲಗಡೆ ಕಂಬ ಇರೋದ್ರಿಂದ ಎಡಕ್ಕೆ ಹೆಚ್ಚು ಬರ್ತಿದೆ. ಇವತ್ತು ಸಂಜೆಯಿಂದ ರಿವರ್ಸ್‌ನಲ್ಲಿ ನಿಲ್ಲಿಸಿ ನೋಡ್ತೀನಿ, ಆಗ ನಿಮ್ಮ ಕಡೆ ಜಾಗ ಜಾಸ್ತಿ ಸಿಗಬೇಕು. ಸಂಜೆ ಸಿಕ್ಕಾಗ ಒಟ್ಟಿಗೆ ನೋಡೋಣ.”

ಇದರಲ್ಲಿ ಗೆರೆಯ ಮಾತೇ ಇಲ್ಲ ಎಂಬುದನ್ನು ಗಮನಿಸಿ. ದಾಟಿದ್ದೆ ಎಂದು ಒಪ್ಪಿಕೊಂಡಿಲ್ಲ, ದಾಟಿಲ್ಲ ಎಂದು ವಾದಿಸಿಯೂ ಇಲ್ಲ. ನಿಜವಾಗಿ ಆದ ತೊಂದರೆಯನ್ನು ಅವರದೇ ಮಾತಿನಲ್ಲಿ ಹೇಳಿ, ಅದಕ್ಕೆ ಕ್ಷಮೆ ಕೇಳಿದೆ. ಸರಿಸಿದ ಸಮಯ ಇದೆ, ಯಾರು ಬೇಕಾದರೂ ಹೋಗಿ ನೋಡಬಹುದು. ಕಾರಣಕ್ಕೆ ಒಂದೇ ವಾಕ್ಯ. ಅದೂ ಕೆಲಸ ಆದ ಮೇಲೆ ಬಂದಿದೆ. ಕಾರಣ ಮೊದಲು ಬಂದರೆ ಸಬೂಬಿನಂತೆ ಕೇಳಿಸುತ್ತದೆ.

ಮಾಡುವ ಭರವಸೆ ನಿಮ್ಮ ಕೈಯಲ್ಲಿರುವಷ್ಟೇ ಇರಲಿ. “ಇನ್ನು ಮುಂದೆ ಯಾವತ್ತೂ ಹೀಗಾಗಲ್ಲ” ಎಂದು ಬರೆದರೆ ಮುಂದಿನ ವಾರ ಮನೆಯ ಇನ್ನೊಬ್ಬರು ಕಾರು ನಿಲ್ಲಿಸಿದಾಗ ಆ ಸಾಲಿನ ಸ್ಕ್ರೀನ್‌ಶಾಟ್ ವಾಪಸು ಬರುತ್ತದೆ. “ರಿವರ್ಸ್‌ನಲ್ಲಿ ನಿಲ್ಲಿಸಿ ನೋಡ್ತೀನಿ” ಎಂಬುದನ್ನು ನೀವು ಖಂಡಿತ ಮಾಡಬಲ್ಲಿರಿ.

ಉದ್ದ ಫೋನಿನ ಪರದೆಯ ಅರ್ಧದೊಳಗೆ ಇರಲಿ. ವಾಯ್ಸ್ ಮೆಸೇಜ್ ಬೇಡ. ಬಸ್ಸಿನಲ್ಲಿ, ಮೀಟಿಂಗಿನಲ್ಲಿ ಇರುವವರು ಕೇಳಲಾರರು, ಅರ್ಧ ಕೇಳಿದವರು ಉಳಿದರ್ಧವನ್ನು ಊಹಿಸಿಕೊಳ್ಳುತ್ತಾರೆ.

ರಿವರ್ಸ್‌ನಲ್ಲಿ ನಿಲ್ಲಿಸಿದರೆ ಏನು ಬದಲಾಗುತ್ತದೆ?

ಚಾಲಕನ ಬಾಗಿಲು ಬದಿ ಬದಲಿಸುತ್ತದೆ. ಕಂಬದ ಕಡೆಗೆ ಯಾರೂ ಇಳಿಯಬೇಕಿಲ್ಲದ ಬದಿ ಬರುವುದರಿಂದ ಅಲ್ಲಿ 20 ಸೆಂ.ಮೀ. ಬಿಟ್ಟರೆ ಸಾಕು. ಆಗ 11ರ ಕಡೆ 55 ಸೆಂ.ಮೀ. ಉಳಿಯುತ್ತದೆ. ಅವರ 37.5 ಸೇರಿದರೆ ಸಂದು ಸುಮಾರು 92 ಸೆಂ.ಮೀ. ಆಗುತ್ತದೆ. ಒಂದೇ ಇಂಚೂ ಹೊಸ ಜಾಗ ಬಂದಿಲ್ಲ, ಆದರೆ ಮೊದಲು ಕಂಬದ ಬಳಿ ಸುಮ್ಮನೆ ಬಿದ್ದಿದ್ದ ಜಾಗ ಈಗ ಇಬ್ಬರಿಗೂ ಒದಗುತ್ತದೆ. ಸ್ಟೀರಿಂಗ್ ಎಡಕ್ಕಿರುವ ಕಾರಾದರೆ ಅಥವಾ ಕಂಬ ಇನ್ನೊಂದು ಬದಿಗಿದ್ದರೆ ಇದೇ ಲೆಕ್ಕವನ್ನು ತಿರುಗಿಸಿ ನೋಡಿಕೊಳ್ಳಿ.

ಇದಕ್ಕೆ ಎರಡು ಷರತ್ತುಗಳಿವೆ. ಜೊತೆಗಿರುವವರು ಸ್ಲಾಟಿಗೆ ನುಗ್ಗುವ ಮೊದಲೇ ಹೊರಗೆ ಇಳಿದುಬಿಡಬೇಕು, ಕಂಬದ ಕಡೆಯ ಕನ್ನಡಿಯನ್ನು ಮಡಿಸಿಕೊಳ್ಳಬೇಕು. ಕನ್ನಡಿ ಹದಿನೈದರಿಂದ ಇಪ್ಪತ್ತು ಸೆಂ.ಮೀ. ಹೊರಗೆ ಚಾಚಿರುತ್ತದೆ, ಮಡಿಸದಿದ್ದರೆ ಕಂಬಕ್ಕೆ ತಾಗುತ್ತದೆ. ಕಂಬಕ್ಕೆ ರಬ್ಬರ್ ಪಟ್ಟಿ ಇಲ್ಲದಿದ್ದರೆ ಹಾಕಿಸುವುದು ಒಳ್ಳೆಯದು. ಕಂಬ ತಾಗುವ ಭಯ ಕಡಿಮೆಯಾದಷ್ಟೂ ಕಾರು ನೆರೆಯವರ ಕಡೆ ವಾಲುವುದೂ ಕಡಿಮೆಯಾಗುತ್ತದೆ.

“ಮತ್ತೆ”, “ಎಷ್ಟು ಸಲ ಹೇಳ್ಬೇಕು” ಎಂದಿದ್ದಾರೆ. ಇದಕ್ಕೆ ಮುಂಚೆ ಅವರು ಒಮ್ಮೆಯೂ ಹೇಳಿಲ್ಲ. ಅದನ್ನು ಹೇಳಬಾರದೇ?

ಗ್ರೂಪ್‌ನಲ್ಲಿ ಹೇಳಬಾರದು. “ನೀವು ಯಾವತ್ತು ಹೇಳಿದ್ರಿ?” ಎಂದು ಕೇಳಿದ ಕ್ಷಣ ವಿಷಯ ಬಾಗಿಲಿನಿಂದ ನೆನಪಿಗೆ ಹೋಗುತ್ತದೆ. ನೆನಪಿನ ಜಗಳವನ್ನು ಯಾರೂ ಅಳತೆಪಟ್ಟಿ ಇಟ್ಟು ಬಗೆಹರಿಸಲಾರರು. ಅವರು ಸೆಕ್ಯುರಿಟಿಯವರಿಗೆ ಹೇಳಿದ್ದು ನಿಮಗೆ ತಲುಪದೇ ಇರಬಹುದು. ನಿಮ್ಮ ಮನೆಯ ಇನ್ನೊಬ್ಬರಿಗೆ ಹೇಳಿರಬಹುದು. ಅಥವಾ ಹತ್ತು ದಿನ ನುಸುಳಿಕೊಂಡು ಹೋಗಿ, ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡು, ಹನ್ನೊಂದನೆಯ ದಿನ ಬರೆದಿರಬಹುದು.

ಎದುರು ಸಿಕ್ಕಾಗ ಕೇಳುವುದು ಸರಿ, ಅದೂ ಮುಂದಿನ ದಾರಿಗಾಗಿ: “ಮೊದಲು ಯಾರಿಗಾದ್ರೂ ಹೇಳಿದ್ರಾ ಸರ್? ನಂಗೆ ತಲುಪಲಿಲ್ಲ. ಇನ್ಮೇಲೆ ನೇರ ನಂಗೆ ಒಂದು ಫೋನ್ ಮಾಡಿಬಿಡಿ.” ನಂಬರ್ ಕೊಡಿ, ಮನೆಯಲ್ಲಿ ಕಾರು ಓಡಿಸುವ ಇನ್ನೊಬ್ಬರ ನಂಬರನ್ನೂ ಕೊಡಿ. ಮುಂದಿನ ದೂರು ಗ್ರೂಪ್‌ಗೆ ಹೋಗದಂತೆ ತಡೆಯುವುದು ಈ ಎರಡು ನಂಬರುಗಳೇ.

ಕ್ಷಮೆ ಕೇಳಿದರೆ ತಪ್ಪು ಒಪ್ಪಿಕೊಂಡಂತೆ ಆಗುವುದಿಲ್ಲವೇ?

ಯಾವುದಕ್ಕೆ ಕ್ಷಮೆ ಎಂಬುದನ್ನು ಹೆಸರಿಸಿದರೆ ಆಗುವುದಿಲ್ಲ. “ಬಾಗಿಲಿಗೆ ಜಾಗ ಬಿಟ್ಟಿರಲಿಲ್ಲ, ಕ್ಷಮಿಸಿ” ಎಂದರೆ ಅಷ್ಟಕ್ಕೇ. ಬರೀ “ಎಲ್ಲದಕ್ಕೂ ಕ್ಷಮಿಸಿ” ಎಂದರೆ ಅದು ಎಲ್ಲಿಗೆ ಬೇಕಾದರೂ ಹರಡುತ್ತದೆ, ಜೊತೆಗೆ ಮನಸ್ಸಿಟ್ಟು ಹೇಳಿದಂತೆಯೂ ಇರುವುದಿಲ್ಲ.

“ತೊಂದರೆ ಆಗಿದ್ದರೆ ಕ್ಷಮಿಸಿ” ಎಂಬ ರೂಪ ಬಿಡಿ. ತೊಂದರೆ ಆಗಿದೆ ಎಂದು ಅವರು ಈಗಷ್ಟೇ ಬರೆದಿದ್ದಾರೆ, ಅದನ್ನು ಅನುಮಾನಿಸಿದಂತಾಗುತ್ತದೆ. “ಕ್ಷಮಿಸಿ, ಆದರೆ…” ಎಂದು ಶುರುವಾಗುವ ವಾಕ್ಯದಲ್ಲಿ ಓದುವವರು ನೆನಪಿಡುವುದು ಆದರೆಯ ನಂತರದ್ದನ್ನು ಮಾತ್ರ. “ಗಾಡಿ ಸ್ವಲ್ಪ ಆ ಕಡೆ ನಿಂತುಬಿಟ್ಟಿದೆ” ಎಂದು ಗಾಡಿಯ ಮೇಲೆ ಹಾಕುವುದಕ್ಕಿಂತ “ನಿಲ್ಲಿಸಿದ್ದೆ” ಎನ್ನುವುದು ಹೆಚ್ಚು ಸಲೀಸಾಗಿ ಮುಗಿಯುತ್ತದೆ.

ಅವರನ್ನು ಏನೆಂದು ಕರೆಯಲಿ?

ಲಿಫ್ಟಿನಲ್ಲಿ ಸಿಕ್ಕಾಗ ಏನೆಂದು ಕರೆಯುತ್ತೀರೋ ಅದನ್ನೇ. ದಿನವೂ ಅಂಕಲ್, ಅಕ್ಕ ಎನ್ನುವವರನ್ನು ಅಂದು ಮಾತ್ರ “ಮಾನ್ಯರೇ” ಎಂದು ಕರೆದರೆ ಕೋರ್ಟ್ ನೋಟಿಸಿನಂತೆ ಓದಿಸಿಕೊಳ್ಳುತ್ತದೆ. ಪರಿಚಯ ಇಲ್ಲದವರಿಗೆ ಸರ್, ಮೇಡಂ ಸಾಕು. ಹೆಸರಿನ ಮುಂದೆ “ಅವರೇ” ಎಂಬುದೂ ಚೆನ್ನಾಗಿರುತ್ತದೆ. ಅವರ ಮಾತು ಏಕವಚನಕ್ಕೆ ಇಳಿದರೂ ನಿಮ್ಮದು ಬಹುವಚನದಲ್ಲೇ ಇರಲಿ. ಬರೀ “304” ಎಂದು ಮನೆಯ ನಂಬರಿನಿಂದ ಕರೆಯಬೇಡಿ.

ದೂರು ಪೂರ್ತಿ ತಪ್ಪು. ಆ ಕಾರು ನನ್ನದೇ ಅಲ್ಲ. ಆಗ?

ಒಂದು ಸಾಲಿನಲ್ಲಿ ಹೇಳಿ, ಹುಡುಕಲು ನೆರವಾಗಿ: “ಇದು ನಮ್ಮ ಕಾರಲ್ಲ ಮೇಡಂ, ನಮ್ಮದು ಈಗ ಹೊರಗಿದೆ. ಗೇಟಿನ ರಿಜಿಸ್ಟರ್ ನೋಡಿ ಯಾರದ್ದು ಅಂತ ಕೇಳಿ ಹೇಳ್ತೀನಿ.” ಅದು ನಿಮ್ಮ ಸ್ಲಾಟಿನಲ್ಲೇ ನಿಂತಿದ್ದರೆ ನಿಮಗೂ ಅದು ಹೋಗಬೇಕಾಗಿದೆ, ಇಬ್ಬರೂ ಒಂದೇ ಕಡೆಯವರಾದಿರಿ. ತಪ್ಪು ಹೆಸರು ಹೇಳಿದ್ದಕ್ಕೆ ಅವರಿಂದ ಕ್ಷಮೆ ಕೇಳಿಸಬೇಕೆಂದು ಹೊರಡಬೇಡಿ. ಬಂದರೆ “ಪರವಾಗಿಲ್ಲ” ಎನ್ನಿ.

ನಿಮ್ಮ ಮನೆಗೆ ಬಂದ ನೆಂಟರ ಕಾರಾಗಿದ್ದರೆ ಅದು ನಿಮ್ಮದೇ ಎಂದುಕೊಂಡು ಉತ್ತರಿಸಿ. “ಅವರಿಗೆ ಗೊತ್ತಿರಲಿಲ್ಲ” ಎಂಬುದು ನಿಜವಿದ್ದರೂ ಅವರಿಗೆ ತಿಳಿಸಬೇಕಿದ್ದವರು ನೀವೇ. ಬಾಡಿಗೆಯವರು ನಿಲ್ಲಿಸಿದ್ದಾದರೆ ಮಾಲೀಕರು ಅವರ ನಂಬರನ್ನು ದೂರು ಕೊಟ್ಟವರಿಗೆ ಖಾಸಗಿಯಾಗಿ, ಬಾಡಿಗೆಯವರ ಒಪ್ಪಿಗೆ ಪಡೆದು ಕೊಡಲಿ.

ಉಳಿದವರು ನಡುವೆ ಬಂದು ಸೇರಿಸುತ್ತಿದ್ದಾರೆ. “ಹೌದು, ನಾನೂ ನೋಡಿದ್ದೆ” ಎನ್ನುತ್ತಿದ್ದಾರೆ.

ಅವರಿಗೆ ಒಬ್ಬೊಬ್ಬರಿಗೇ ಉತ್ತರಿಸಬೇಡಿ. ನಿಮ್ಮ ಮಾತು ದೂರು ಕೊಟ್ಟವರ ಜೊತೆ ಮಾತ್ರ. ಹೊಸದಾಗಿ ಬಂದವರು ತಮ್ಮದೇ ತೊಂದರೆ ಹೇಳಿದ್ದರೆ, ಉದಾಹರಣೆಗೆ ನಿಮ್ಮ ಬೈಕು ಲಿಫ್ಟ್ ಬಾಗಿಲಿಗೆ ಅಡ್ಡ ನಿಲ್ಲುತ್ತದೆ ಎಂದು, ಆಗ “ಅದನ್ನೂ ನೋಡ್ತೀನಿ, ನಿಮಗೆ ಬೇರೆ ಮೆಸೇಜ್ ಮಾಡ್ತೀನಿ” ಎಂದು ಬರೆದು ಹಾಗೆಯೇ ಮಾಡಿ. ನಿಮ್ಮ ಪರವಾಗಿ ಯಾರಾದರೂ 304ರವರನ್ನು ಟೀಕಿಸಿದರೆ ಅದಕ್ಕೆ ಹೆಬ್ಬೆರಳೂ ಒತ್ತಬೇಡಿ. ದೂರು ಕೊಟ್ಟವರು ಆ ಹೆಬ್ಬೆರಳನ್ನು ಖಂಡಿತ ನೋಡುತ್ತಾರೆ. ಅಂಥ ಬೆಂಬಲಿಗರಿಗೆ ಖಾಸಗಿಯಾಗಿ “ನಾವಿಬ್ಬರೂ ಮಾತಾಡ್ತಿದ್ದೀವಿ, ಅಲ್ಲಿ ಬೇಡ” ಎಂದು ತಿಳಿಸುವುದು ನೆರೆಯವರಿಗೆ ನೀವು ಮಾಡುವ ದೊಡ್ಡ ಉಪಕಾರ.

ಕೋಪದಲ್ಲಿ ಏನೋ ಬರೆದು ಕಳಿಸಿಬಿಟ್ಟಿದ್ದೇನೆ. ಅಳಿಸಲೇ?

ಯಾರೂ ಓದಿಲ್ಲದಿದ್ದರೆ ಅಳಿಸಿ. ಮೆಸೇಜನ್ನು ಒತ್ತಿ ಹಿಡಿದು ಅದರ ಮಾಹಿತಿ ತೆರೆದರೆ ಯಾರು ಓದಿದ್ದಾರೆ ಎಂಬುದು ಬಹುತೇಕ ತಿಳಿಯುತ್ತದೆ. ಓದಿದ ಗುರುತನ್ನು ಆಫ್ ಮಾಡಿಕೊಂಡವರದ್ದೂ ಗ್ರೂಪ್‌ನಲ್ಲಿ ಕಾಣುತ್ತದೆ. ದೂರು ಕೊಟ್ಟವರೇ ಓದಿಯಾಗಿದ್ದರೆ ಅಳಿಸಿ ಸುಮ್ಮನಾಗುವುದು ಕೆಲಸಕ್ಕೆ ಬಾರದು. ಮೆಸೇಜ್ ಅಳಿಸಲಾಗಿದೆ ಎಂಬ ಸಾಲು ಅಲ್ಲೇ ಉಳಿಯುತ್ತದೆ, ಏನು ಬರೆದಿದ್ದರು ಎಂಬ ಕುತೂಹಲ ಬೆಳೆಯುತ್ತದೆ. ಕಳಿಸಿದ 15 ನಿಮಿಷದೊಳಗೆ ತಿದ್ದಬಹುದು, ಆದರೆ ತಿದ್ದಿದ ಗುರುತೂ ಕಾಣುತ್ತದೆ. ಅಕ್ಷರ ತಪ್ಪಿಗೆ ಅದು ಸರಿ, ಮಾತು ಬದಲಿಸಲು ಬೇಡ.

ಅದರ ಕೆಳಗೇ ಹೊಸ ಸಾಲು ಬರೆಯಿರಿ: “ಮೇಲಿನದನ್ನು ಸಿಟ್ಟಲ್ಲಿ ಬರೆದೆ ಸರ್, ಅದನ್ನ ಹಿಂದಕ್ಕೆ ತಗೋತೀನಿ. ಕೆಳಗೆ ಹೋಗಿ ಕಾರು ಸರಿಸ್ತಿದ್ದೀನಿ.” ಅಂದೇ ಸಂಜೆ ಬಾಗಿಲು ತಟ್ಟಿ ಒಂದು ಮಾತಾಡಿ ಬನ್ನಿ. ಬರಹದಲ್ಲಿ ಗಟ್ಟಿಯಾದದ್ದು ಮುಖ ನೋಡಿದರೆ ಬೇಗ ಕರಗುತ್ತದೆ.

ಕಾರಿಗೆ ಗೀರು ಬಿದ್ದಿದೆ, ನಿಮ್ಮ ಬಾಗಿಲಿನಿಂದಲೇ ಎಂದಿದ್ದಾರೆ.

ಇದು ಜಾಗದ ದೂರಿಗಿಂತ ಬೇರೆ, ಇದನ್ನು ಗ್ರೂಪ್‌ನಲ್ಲಿ ಒಪ್ಪುವುದೂ ಬೇಡ, ನಿರಾಕರಿಸುವುದೂ ಬೇಡ. “ಈಗಲೇ ಬಂದು ನೋಡ್ತೀನಿ” ಎಂದಷ್ಟೇ ಬರೆಯಿರಿ. ಇಬ್ಬರೂ ನಿಂತು ಗೀರಿನ ಎತ್ತರವನ್ನು ನೆಲದಿಂದ ಅಳೆಯಿರಿ, ನಿಮ್ಮ ಬಾಗಿಲಿನ ಅತಿ ಹೊರಚಾಚಿದ ಅಂಚಿನ ಎತ್ತರವನ್ನೂ ಅಳೆಯಿರಿ. ಬಾಗಿಲನ್ನು ಮೆಲ್ಲಗೆ ತೆರೆದು, ನಡುವೆ ಕೈ ಇಟ್ಟು, ಆ ಅಂಚು ಎಲ್ಲಿಗೆ ತಲುಪುತ್ತದೆ ನೋಡಿ. ಎತ್ತರ ಐದಾರು ಸೆಂ.ಮೀ.ಗಿಂತ ಹೆಚ್ಚು ತಪ್ಪಿದರೆ ಬೇರೆ ಕಾರಣ ಇರಬಹುದು. ಬಾಗಿಲು ತಾಗಿದರೆ ಸಾಮಾನ್ಯವಾಗಿ ಚಿಕ್ಕ ನೆಟ್ಟನೆಯ ತಗ್ಗು ಬೀಳುತ್ತದೆ. ಉದ್ದಕ್ಕೆ ಎಳೆದ ಗೀರು ಚಲಿಸುವಾಗ ಏನೋ ಉಜ್ಜಿದ್ದರಿಂದ ಆಗಿರುವುದೇ ಹೆಚ್ಚು. ಎತ್ತರ ಹೊಂದಿ, ತಗ್ಗಿನಲ್ಲಿ ನಿಮ್ಮ ಕಾರಿನ ಬಣ್ಣವೂ ಕಂಡರೆ ರಿಪೇರಿಯ ಮಾತನ್ನು ನೀವೇ ಎತ್ತಿ.

ತಪ್ಪು ಸ್ಲಾಟಿನದ್ದೇ ಆಗಿದ್ದರೆ ಸಂಘಕ್ಕೆ ಏನು ಕೇಳಬೇಕು?

ಇಬ್ಬರೂ ಸೇರಿ ಕೇಳಿ. ಒಬ್ಬರೇ ಬರೆದರೆ ಅದು ಇನ್ನೊಬ್ಬರ ಮೇಲಿನ ದೂರಾಗುತ್ತದೆ, ಇಬ್ಬರೂ ಬರೆದರೆ ಅದು ಕಂಬದ ಬಗ್ಗೆ ಇಬ್ಬರ ಬೇಡಿಕೆಯಾಗುತ್ತದೆ. ಕಾಗದದಲ್ಲಿ 11 ಮತ್ತು 12ರ ಗೆರೆಯಿಂದ ಗೆರೆಗೆ ಇರುವ ಅಗಲ, ಕಂಬ ಸ್ಲಾಟಿನೊಳಗೆ ಎಷ್ಟು ಬಂದಿದೆ, ಈಗ ಬಾಗಿಲುಗಳ ನಡುವೆ ಉಳಿಯುವ ಸಂದು ಇಷ್ಟನ್ನು ಬರೆಯಿರಿ. ಕೇಳಬಹುದಾದದ್ದು ಮಾಸಿದ ಗೆರೆಗೆ ಮತ್ತೆ ಬಣ್ಣ, ಕಂಬಕ್ಕೆ ರಬ್ಬರ್ ಪಟ್ಟಿ, ಟೈರಿನ ದಿಮ್ಮಿಯನ್ನು ಗೋಡೆಯ ಕಡೆಗೆ ಸರಿಸುವುದು. ಗೆರೆಯನ್ನೇ ಸರಿಸಿ ಎಂಬ ಬೇಡಿಕೆ ಸುಲಭವಲ್ಲ. ಸ್ಲಾಟಿನ ಅಳತೆ ಮನೆಯ ಪತ್ರಗಳಲ್ಲಿ ನಮೂದಾಗಿದ್ದರೆ ಅದು ಆಸ್ತಿಯ ಪ್ರಶ್ನೆಯಾಗುತ್ತದೆ, ಸಾಲಿನಲ್ಲಿರುವ ಉಳಿದವರ ಸ್ಲಾಟುಗಳೂ ಸರಿಯಬೇಕಾಗುತ್ತದೆ.

ಬಗೆಹರಿದ ಮೇಲೆ ಗ್ರೂಪ್‌ನಲ್ಲಿ ಏನಾದರೂ ಬರೆಯಬೇಕೇ?

ಒಂದು ಸಾಲು ಬರೆಯಿರಿ, ಅದೂ ಅವರಿಗೆ ಓದಿಸಿ ಒಪ್ಪಿದ ಮೇಲೆ: “11 ಮತ್ತು 12ರ ವಿಷಯ ನಾವಿಬ್ಬರೂ ನೋಡಿ ಸರಿಮಾಡಿಕೊಂಡಿದ್ದೀವಿ. ನಾನು ರಿವರ್ಸ್‌ನಲ್ಲಿ ನಿಲ್ಲಿಸ್ತೀನಿ. ಸರ್, ತಿಳಿಸಿದ್ದಕ್ಕೆ ಥ್ಯಾಂಕ್ಸ್.” ಯಾರು ಸರಿ ಇದ್ದರು ಎಂಬುದು ಇದರಲ್ಲಿ ಬಾರದಿರಲಿ.

ಒಂದು ವಾರದ ನಂತರ ಅವರನ್ನೇ ಕೇಳಿ, “ಈಗ ಬಾಗಿಲು ಸರಾಗವಾಗಿ ತೆಗೆಯೋಕೆ ಆಗ್ತಿದೆಯಾ?” ಎಂದು. ನಿಮಗೆ 92 ಸೆಂ.ಮೀ. ಸಾಕೆನಿಸಿದರೂ ಅವರ ಮನೆಯ ಹಿರಿಯರಿಗೆ ಅದು ಸಾಲದಿರಬಹುದು. ಆಗ ಅವರು ಹಿರಿಯರನ್ನು ಸ್ಲಾಟಿನ ಹೊರಗೆ ಇಳಿಸುವುದೋ, ತಮ್ಮ ಕಾರನ್ನು ಆಚೆ ಗೆರೆಗೆ ಇನ್ನೂ ಹತ್ತು ಸೆಂ.ಮೀ. ಸರಿಸುವುದೋ ನೋಡಬೇಕಾಗುತ್ತದೆ. ಆಚೆ 10ನೇ ಸ್ಲಾಟಿನವರ ಬಾಗಿಲು ಯಾವ ಬದಿಗೆ ತೆರೆಯುತ್ತದೆ ಎಂಬುದನ್ನೂ ಆಗಲೇ ನೋಡಿಕೊಂಡರೆ ದೂರು ಅತ್ತ ಕಡೆ ದಾಟುವುದಿಲ್ಲ.